ಬೆರಳು ಫೋನಿಗೆ, ಸಹಿ ಬ್ಯಾಂಕಿಗೆ

ಸಾಗರದಲ್ಲಿರುವ ನನ್ನ ಅಮ್ಮ ಐವತ್ತು ವರ್ಷ ಅಡಿಕೆ ಸುಲಿದವಳು. ಹೆಬ್ಬೆರಳಿನ ಗೆರೆಗಳು ಸವೆದು ಹೋಗಿವೆ. ಹೋದ ರಜೆಯಲ್ಲಿ ಅವಳ ಫೋನಿನಲ್ಲಿ ಯುಪಿಐ ಪಾವತಿಗೆ ಬೆರಳಚ್ಚು ಹೊಂದಿಸಿಕೊಟ್ಟೆ. ಹೆಬ್ಬೆರಳನ್ನು ಫೋನು ಒಪ್ಪಲಿಲ್ಲ, ಎಡಗೈ ಉಂಗುರಬೆರಳನ್ನು ಒಪ್ಪಿತು. ಕಿರಾಣಿ ಅಂಗಡಿಯಲ್ಲಿ 380 ರೂಪಾಯಿ ಕೊಟ್ಟು ಬಂದವಳು ಕೇಳಿದಳು: "ನನ್ನ ಬೆರಳು ಹೀಗಿದೆ ಅಂತ ಬ್ಯಾಂಕಿನವ್ರಿಗೆ ಹ್ಯಾಗೆ ಗೊತ್ತಾಯ್ತು ಮಾರಾಯ? ನಾನು ಅಲ್ಲಿ ಬೆರಳು ಒತ್ತಿದ್ದೇ ಇಲ್ವಲ್ಲ!"

ಅವಳ ಪ್ರಶ್ನೆಯಲ್ಲೇ ಉತ್ತರವೂ ಇದೆ. ಬ್ಯಾಂಕಿಗೆ ಅದು ಗೊತ್ತೇ ಇಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ.

ಬೆರಳು ಸೇರಿಸಿದ ದಿನ ಫೋನು ಅದರ ಗೆರೆಗಳನ್ನು ಲೆಕ್ಕದ ರೂಪಕ್ಕೆ ಇಳಿಸಿ ತನ್ನೊಳಗಿನ ಒಂದು ಪ್ರತ್ಯೇಕ ಭಾಗದಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಮನೆಯಲ್ಲಿ ಬೇರೆ ಬೀಗ ಹಾಕಿದ ಕೋಣೆಯಂಥ ಜಾಗ ಅದು. ಅಲ್ಲಿರುವುದನ್ನು ಆ್ಯಪ್‌ಗಳು ಓದಲಾರವು. ಆಪಲ್ ಫೋನಿನಲ್ಲಿ ಇದಕ್ಕೆ ಸೆಕ್ಯೂರ್ ಎನ್‌ಕ್ಲೇವ್ ಎಂದು ಹೆಸರು. 2013ರ ಐಫೋನ್ 5ಎಸ್‌ನಿಂದ ಇದೆ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಇಂಥದ್ದೇ ವ್ಯವಸ್ಥೆಯಿದೆ.

ಪಾವತಿಗೆ ಬೆರಳಚ್ಚನ್ನು ಬಳಸಲು ನಾವು ಒಪ್ಪಿದಾಗ ಅದೇ ಕೋಣೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಒಂದು ಜೋಡಿ ಕೀಲಿ ಹುಟ್ಟುತ್ತದೆ. ಕೀಲಿ ಎಂದರೆ ಇಲ್ಲಿ ಬಹಳ ದೊಡ್ಡ ಸಂಖ್ಯೆ. ಜೋಡಿಯಲ್ಲಿ ಗುಟ್ಟಿನ ಕೀಲಿ ಆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಅದರ ಜೊತೆಗಾರ ಬಹಿರಂಗ ಕೀಲಿ ಪಾವತಿ ವ್ಯವಸ್ಥೆಗೆ ಹೋಗಿ ನಮ್ಮ ಖಾತೆಯ ಹೆಸರಿನಲ್ಲಿ ದಾಖಲಾಗುತ್ತದೆ. ಗುಟ್ಟಿನ ಕೀಲಿ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಪರಿಶೀಲಿಸಬಹುದು, ಆದರೆ ಬಹಿರಂಗ ಕೀಲಿ ಹಿಡಿದು ಯಾರೂ ಆ ಸಹಿಯನ್ನು ಹಾಕಲಾರರು. ಈ ನೋಂದಣಿಯನ್ನು ಖಚಿತಪಡಿಸಲು ಆ್ಯಪ್ ಒಮ್ಮೆ ಪಿನ್ ಕೇಳುತ್ತದೆ. ಆಗ ಕೊಡುವ ಪಿನ್ನೇ ಮುಂದೆ ಬೆರಳಿಗೆ ಸಿಗುವ ಅಧಿಕಾರಕ್ಕೆ ಆಧಾರ.

ಈಗ ಅಮ್ಮನ 380 ರೂಪಾಯಿಗೆ ಬರೋಣ. ಅವಳು ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊತ್ತ ಒತ್ತುತ್ತಾಳೆ. ಯಾರಿಗೆ, ಎಷ್ಟು ಎಂಬುದರ ಜೊತೆಗೆ ಆ ಒಂದು ವಹಿವಾಟಿಗೆ ಮಾತ್ರ ಸೇರಿದ ಗುರುತು ಸಂಖ್ಯೆಯೂ ಸೇರಿ ಒಂದು ಒಕ್ಕಣೆಯಾಗುತ್ತದೆ. ಆ್ಯಪ್ ಅದನ್ನು ಸಹಿಗಾಗಿ ಒಳಕೋಣೆಗೆ ಕಳಿಸುತ್ತದೆ. ಗುಟ್ಟಿನ ಕೀಲಿಗೆ ಬೀಗ ಬಿದ್ದಿರುತ್ತದೆ. ಉಂಗುರಬೆರಳು ಸೆನ್ಸರ್ ಮೇಲೆ ಬಿದ್ದು, ಗೆರೆಗಳು ತಾಳೆಯಾದರೆ ಬೀಗ ಒಂದು ಸಹಿಯ ಮಟ್ಟಿಗೆ ತೆರೆಯುತ್ತದೆ. ಹೊರಗೆ ಹೋಗುವುದು ಆ ಸಹಿ ಮಾತ್ರ. ಪರಿಶೀಲನೆಯಲ್ಲಿ ಅದು ಸರಿಯೆಂದು ಕಂಡರೆ ಬ್ಯಾಂಕು ಹಣ ಬಿಡುತ್ತದೆ. ದಾರಿಯಲ್ಲಿ ಯಾರಾದರೂ 380ನ್ನು 3,800 ಮಾಡಿದರೆ ಸಹಿ ಹೊಂದುವುದಿಲ್ಲ. ಇವತ್ತಿನ ಸಹಿಯನ್ನು ಕದ್ದು ನಾಳೆ ಕಳಿಸಿದರೂ ನಡೆಯುವುದಿಲ್ಲ, ಏಕೆಂದರೆ ವಹಿವಾಟಿನ ಗುರುತು ಸಂಖ್ಯೆ ಆಗಲೇ ಮುಗಿದ ಲೆಕ್ಕ.

ಯುಪಿಐನಲ್ಲಿ ಪಿನ್ ಬದಲು ಹೀಗೆ ಬೆರಳು, ಮುಖ ಬಳಸುವ ಸೌಲಭ್ಯವನ್ನು ಎನ್‌ಪಿಸಿಐ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದಕ್ಕೆ ಮೊದಲೂ ಎಷ್ಟೋ ಆ್ಯಪ್‌ಗಳು ಬೆರಳು ಕೇಳುತ್ತಿದ್ದವಲ್ಲ ಎನ್ನಬಹುದು. ಅದು ಆ್ಯಪ್‌ನ ಬಾಗಿಲಿನ ಬೀಗ. ಒಳಗೆ ಹೋದ ಮೇಲೆ ಹಣ ಕಳಿಸಲು ಸಾಮಾನ್ಯವಾಗಿ ಪಿನ್ ಬೇಕಿತ್ತು. ಬಾಗಿಲು ತೆರೆಯುವ ಬೆರಳಿಗೂ ಹಣ ಬಿಡುವ ಬೆರಳಿಗೂ ಇರುವ ಈ ವ್ಯತ್ಯಾಸ ದೊಡ್ಡದು. ನಿಮ್ಮ ಆ್ಯಪ್‌ನಲ್ಲಿ ಯಾವುದು ಇದೆ ಎಂದು ತಿಳಿಯಲು, ಪಾವತಿಯ ಕೊನೆಯಲ್ಲಿ ಪಿನ್ ಕೇಳುತ್ತದೆಯೋ ಬೆರಳು ಕೇಳುತ್ತದೆಯೋ ಎಂದು ನೋಡಿದರೆ ಸಾಕು.

ಇದೆಲ್ಲ ಅಮ್ಮನಿಗೆ ಹೇಳಿದ ಮೇಲೆ ನಾನೇ ಒಂದು ತಪ್ಪು ಮಾಡಿದೆ. ಬೆವರಿದ ಕೈಯಲ್ಲಿ, ನೀರು ಮುಟ್ಟಿದ ಕೈಯಲ್ಲಿ ಅವಳ ಬೆರಳು ಆಗಾಗ ತಪ್ಪುತ್ತಿತ್ತು. ಇರಲಿ ಎಂದು ಅವಳ ಫೋನಿಗೆ ನನ್ನ ಬೆರಳನ್ನೂ ಸೇರಿಸಿದೆ. ಮಾರನೆಯ ದಿನ ಅಂಗಡಿಯಲ್ಲಿ ಆ್ಯಪ್ ಬೆರಳು ಕೇಳದೆ ಪಿನ್ ಕೇಳಿತು. ಕೆಟ್ಟಿದೆ ಎಂದುಕೊಂಡು ಅಮ್ಮ ಗಾಬರಿಯಿಂದ ಫೋನ್ ಮಾಡಿದಳು.

ಕೆಟ್ಟಿರಲಿಲ್ಲ. ಬ್ಯಾಂಕಿನ ದೃಷ್ಟಿಯಿಂದ ನೋಡಿ. ಅಲ್ಲಿಗೆ ಬರುವುದು ಸಹಿ ಮಾತ್ರ. ಬೀಗ ತೆಗೆದ ಬೆರಳು ತಾಯಿಯದೋ ಮಗನದೋ ಅಲ್ಲಿ ಕಾಣುವುದಿಲ್ಲ. ಫೋನಿಗೂ ಹೆಸರುಗಳು ಗೊತ್ತಿಲ್ಲ, ಸೇರಿಸಿದ ಬೆರಳೆಲ್ಲ ಅದಕ್ಕೆ ಒಂದೇ. ಹಾಗಿದ್ದರೆ ಫೋನಿನ ಸ್ಕ್ರೀನ್ ಲಾಕ್ ಗೊತ್ತಿರುವ ಯಾರಾದರೂ ತಮ್ಮ ಬೆರಳನ್ನು ಸೇರಿಸಿ ಹಣ ಕಳಿಸಬಹುದಿತ್ತು. ಇದನ್ನು ತಡೆಯಲೆಂದೇ ಕೀಲಿ ಹುಟ್ಟುವಾಗ ಅದಕ್ಕೊಂದು ಕಟ್ಟಳೆ ಹಾಕುವ ಅವಕಾಶವಿದೆ: ಹೊಸ ಬೆರಳು ಸೇರಿದ ಕ್ಷಣ ಈ ಕೀಲಿ ಸತ್ತಂತೆ. ಜಾಗರೂಕತೆಯಿಂದ ಮಾಡಿದ ಆ್ಯಪ್‌ಗಳು ಈ ಕಟ್ಟಳೆ ಬಳಸುತ್ತವೆ. ಅಮ್ಮನ ಫೋನಿನಲ್ಲಿ ಆಗಿದ್ದು ಅದೇ. ಹಾಗಾಗಿ ನೀವು ಏನೂ ಬದಲಿಸದೆ ಇದ್ದಕ್ಕಿದ್ದಂತೆ ಆ್ಯಪ್ ಬೆರಳು ಬಿಟ್ಟು ಪಿನ್ ಕೇಳತೊಡಗಿದರೆ, ಮೊದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲಿ ಎಷ್ಟು ಬೆರಳುಗಳಿವೆ ಎಂದು ಎಣಿಸಿ.

ಮುಖದ ವಿಷಯದಲ್ಲಿ ಇನ್ನೊಂದು ಗೊಂದಲ ಉಂಟು. ಮುಖ ನೋಡಿ ಸ್ಕ್ರೀನ್ ತೆರೆಯುವ ಎಷ್ಟೋ ಆಂಡ್ರಾಯ್ಡ್ ಫೋನುಗಳು ಪಾವತಿಗೆ ಬೆರಳನ್ನೇ ಕೇಳುತ್ತವೆ. ಅವುಗಳಲ್ಲಿ ಮುಖ ನೋಡುವುದು ಸಾಮಾನ್ಯ ಸೆಲ್ಫಿ ಕ್ಯಾಮೆರಾ. ಅದಕ್ಕೆ ಆಳ ತಿಳಿಯುವುದಿಲ್ಲ, ಒಳ್ಳೆಯ ಫೋಟೊ ಹಿಡಿದರೆ ಮೋಸ ಹೋಗುವ ಅಪಾಯವಿದೆ. ಆದ್ದರಿಂದ ಅಂಥ ಮುಖಕ್ಕೆ ಕೀಲಿಯ ಬೀಗ ತೆರೆಯುವ ಹಕ್ಕನ್ನು ಆಂಡ್ರಾಯ್ಡ್ ಕೊಟ್ಟಿಲ್ಲ. ಐಫೋನಿನ ಫೇಸ್ ಐಡಿ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ ಸಾವಿರಾರು ಚುಕ್ಕೆಗಳನ್ನು ಮುಖದ ಮೇಲೆ ಬೀರಿ ಉಬ್ಬುತಗ್ಗು ಅಳೆಯುತ್ತದೆ. ಯಾರೋ ಅಪರಿಚಿತರ ಮುಖ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ 10 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ, ಒಂದು ಬೆರಳಿಗೆ 50,000ದಲ್ಲಿ ಒಂದು ಎನ್ನುತ್ತದೆ ಆಪಲ್. ಅವಳಿಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಅಮ್ಮನಿಗೆ ಇನ್ನೊಂದು ಭಯವಿತ್ತು. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಹಣ ತೆಗೆದ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಅದು ಆಧಾರ್ ಮೂಲಕ ಹಣ ಕೊಡುವ ಬೇರೆ ವ್ಯವಸ್ಥೆ. ಅಲ್ಲಿ ಬೆರಳಚ್ಚು ಯಂತ್ರದಿಂದ ಹೊರಟು ಆಧಾರ್ ದಾಖಲೆಯೊಂದಿಗೆ ತಾಳೆಯಾಗುತ್ತದೆ, ಹಾಗಾಗಿ ಗುರುತಿನ ನಕಲು ಮತ್ತು ಆಧಾರ್ ಸಂಖ್ಯೆ ಸಿಕ್ಕವರು ಎಲ್ಲಿಂದ ಬೇಕಾದರೂ ಪ್ರಯತ್ನಿಸಬಹುದಿತ್ತು. ಆ ದಾರಿ ಮುಚ್ಚಲು ಆಧಾರ್ ಬಯೋಮೆಟ್ರಿಕ್ ಲಾಕ್ ಬೇರೆಯೇ ಇದೆ. ಫೋನಿನ ಪಾವತಿಯಲ್ಲಿ ನಕಲಿ ಬೆರಳೊಂದೇ ಸಾಲದು, ಕೀಲಿಯಿರುವ ಅದೇ ಫೋನು ಕೈಯಲ್ಲಿರಬೇಕು.

ಆದರೆ ಸಹಿಗೆ ಮನಸ್ಸು ಓದಲು ಬರುವುದಿಲ್ಲ. "ಹಣ ಬರುತ್ತೆ, ಬೆರಳಿಡಿ" ಎಂದು ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ ಬೆರಳಿಟ್ಟರೂ ಬ್ಯಾಂಕಿಗೆ ಹೋಗುವುದು ಅಷ್ಟೇ ಸಾಚಾ ಸಹಿ. ಪಿನ್‌ನ ನಾಲ್ಕಾರು ಅಂಕಿ ಒತ್ತುವಾಗ ಯೋಚಿಸಲು ಒಂದೆರಡು ಕ್ಷಣ ಸಿಗುತ್ತಿತ್ತು. ಬೆರಳು ಆ ಸಮಯವನ್ನೂ ಕೊಡುವುದಿಲ್ಲ. ನನಗೆ ನಿಜವಾಗಿ ಆತಂಕವಿರುವುದು ಇಲ್ಲಿ. ಅದಕ್ಕೇ ಬೆರಳಿಡುವ ಮೊದಲು ಸ್ಕ್ರೀನಿನ ಮೇಲಿನ ಹೆಸರು ಮತ್ತು ಮೊತ್ತವನ್ನು ಬಾಯಿಬಿಟ್ಟು ಓದು ಎಂದು ಅಮ್ಮನಿಗೆ ಹೇಳಿದ್ದೇನೆ.

ಮುಂದಿನ ಸಲ ಊರಿಗೆ ಹೋದಾಗ ನನ್ನ ಬೆರಳನ್ನು ಅವಳ ಫೋನಿನಿಂದ ತೆಗೆದೆ. ಅವಳ ಉಂಗುರಬೆರಳನ್ನೇ ಎರಡು ಸಲ ಸೇರಿಸಿದೆ, ಒಮ್ಮೆ ಒಣಗಿದ್ದಾಗ, ಒಮ್ಮೆ ಕೈ ತೊಳೆದು ಒರೆಸಿದ ಕೂಡಲೇ. ಆಮೇಲೆ ಆ್ಯಪ್‌ನಲ್ಲಿ ಬೆರಳಚ್ಚು ಪಾವತಿಯನ್ನು ಮತ್ತೆ ಚಾಲೂ ಮಾಡಿದಾಗ ಅದು ಪಿನ್ ಕೇಳಿತು. ನಾನು ಮುಖ ಆಚೆ ತಿರುಗಿಸಿದೆ, ಅಮ್ಮ ಒತ್ತಿದಳು.