ಯುವಕರ ಮನಸ್ಸು ಪಟ್ಟಣದ ಕಡೆಗೇಕೆ? – ಗುಂಪು ಚರ್ಚೆ ನಡೆಸುವ ಕ್ರಮ



ಕಾಲೇಜು ಹುಡುಗರು ತರಗತಿಯ ಪಾಠದ ಅಂಗವಾಗಿ ನಮ್ಮ ಹಳ್ಳಿಗಳಿಗೆ ಬಂದು, ಊರ ಯುವಕರನ್ನು ಕೂಡಿಸಿಕೊಂಡು ವಲಸೆಯ ವಿಷಯ ಮಾತನಾಡಿಸುವುದುಂಟು. ಇದಕ್ಕೆ ಗುಂಪು ಚರ್ಚೆ ಎನ್ನುತ್ತಾರೆ. ಎಷ್ಟು ಜನ ಊರು ಬಿಡುತ್ತಾರೆಂದು ಎಣಿಸುವುದು ಇದರ ಕೆಲಸವಲ್ಲ; ಅದಕ್ಕೆ ಮನೆಮನೆಯ ಗಣತಿಯೇ ಆಗಬೇಕು. ಬಿಡಬೇಕೆಂಬ ಆಸೆ ಏಕೆ ಹುಟ್ಟಿತು ಎಂಬುದನ್ನು ಅವರ ಬಾಯಿಂದಲೇ ತಿಳಿಯುವುದು ಇದರ ಕೆಲಸ.

ಮೊದಲು ಜನರ ಆಯ್ಕೆ. ಒಂದು ಗುಂಪಿಗೆ 18ರಿಂದ 25 ವರ್ಷದೊಳಗಿನ ಆರರಿಂದ ಎಂಟು ಮಂದಿ ಸಾಕು. ಹುಡುಗರದು ಒಂದು ಗುಂಪು, ಹುಡುಗಿಯರದು ಇನ್ನೊಂದು. ಜಮೀನುಳ್ಳವರ ಮಕ್ಕಳೂ ಕೂಲಿಯವರ ಮಕ್ಕಳೂ ಒಟ್ಟಿಗೆ ಕುಳಿತು ಬಿಚ್ಚಿ ಮಾತನಾಡದಿದ್ದರೆ ಅವರಿಗೂ ಬೇರೆ ಗುಂಪು ಮಾಡಬೇಕು. ಹಿರಿಯರಾದ ನಾವು ಆ ಹೊತ್ತಿಗೆ ದೂರವಿರುವುದು ಲೇಸು. ತಂದೆ ಕಟ್ಟೆಯ ಮೇಲೆ ಕುಳಿತಿದ್ದರೆ ಮಗನ ಬಾಯಿಂದ ತಂದೆಗೆ ಒಪ್ಪುವ ಮಾತೇ ಬರುತ್ತದೆ. ಚರ್ಚೆ ನಡೆಸುವವನು ಒಬ್ಬ, ಬರೆದುಕೊಳ್ಳುವವನು ಇನ್ನೊಬ್ಬ. ಹೆಸರಿನ ಬದಲು ಒಂದು, ಎರಡು ಎಂದು ಅಂಕಿ ಹಾಕಿ ಬರೆಯಬೇಕು. ಧ್ವನಿಮುದ್ರಣಕ್ಕೆ ಮೊದಲೇ ಎಲ್ಲರ ಒಪ್ಪಿಗೆ ಬೇಕು.

ನಡೆಸುವವನ ಕೈಯಲ್ಲಿ ಒಂದೂವರೆ ಗಂಟೆಗೆ ಹೊಂದುವ ಪ್ರಶ್ನೆಪಟ್ಟಿ ಇರಬೇಕು. ಅದು ಹೀಗಿರಬಹುದು:

1. ಪರಿಚಯ, ಉದ್ದೇಶ, ಒಪ್ಪಿಗೆ – 10 ನಿಮಿಷ.
2. ನಿಮ್ಮ ಓರಗೆಯವರು ಯಾರು ಯಾರು ಹೊರಗೆ ಹೋಗಿದ್ದಾರೆ? ಯಾರ ಮೂಲಕ ಹೋದರು? – 10 ನಿಮಿಷ.
3. ಹಬ್ಬಕ್ಕೆ ಬಂದಾಗ ಅವರು ಅಲ್ಲಿಯ ವಿಷಯ ಏನು ಹೇಳುತ್ತಾರೆ? ಏನನ್ನು ಹೇಳದೆ ಬಿಡುತ್ತಾರೆ? – 15 ನಿಮಿಷ.
4. ಐದು ವರ್ಷದ ಮೇಲೆ ನೀವು ಎಲ್ಲಿ, ಏನು ಮಾಡಿಕೊಂಡಿರಬೇಕೆಂದು ಮನಸ್ಸಿದೆ? – 20 ನಿಮಿಷ.
5. ಅದಕ್ಕೆ ಏನು ಕೈಯಲ್ಲಿದೆ, ಏನು ಅಡ್ಡಿ? – 15 ನಿಮಿಷ.
6. ಏನು ಬದಲಾದರೆ ನಿಮ್ಮ ಮನಸ್ಸು ಬದಲಾದೀತು? – 10 ನಿಮಿಷ.
7. ಕೇಳಿದ್ದನ್ನು ಅವರ ಮುಂದೆ ಓದಿ ತಿದ್ದಿಸುವುದು – 10 ನಿಮಿಷ.

ಪರರ ಮಾತಿನಿಂದ ಆರಂಭಿಸಿದರೆ ಸಂಕೋಚ ಬಿಡುತ್ತದೆ. ನಾಲ್ಕನೆಯ ಪ್ರಶ್ನೆಗೆ ಮೊದಲು ಪ್ರತಿಯೊಬ್ಬನೂ ತನ್ನ ಉತ್ತರವನ್ನು ಚೀಟಿಯಲ್ಲಿ ಬರೆದಿಡಬೇಕು. ಇಲ್ಲವಾದರೆ ಮೊದಲು ಮಾತನಾಡಿದವನ ಹಿಂದೆಯೇ ಉಳಿದವರೂ ಹೋಗುತ್ತಾರೆ. ನಾಲ್ಕನ್ನೂ ಐದನ್ನೂ ಒಂದೇ ಮಾಡಬಾರದು. ಯೋರ್ಗೆನ್ ಕಾರ್ಲಿಂಗ್ ಎಂಬ ವಿದ್ವಾಂಸರು 2002ರಲ್ಲಿ ಕೇಪ್ ವರ್ಡೆ ದ್ವೀಪಗಳ ವಲಸೆಯನ್ನು ಕುರಿತು ಬರೆಯುತ್ತ, ಹೋಗುವ ಆಸೆ ಬೇರೆ, ಹೋಗುವ ಸಾಮರ್ಥ್ಯ ಬೇರೆ ಎಂದು ವಿಂಗಡಿಸಿದರು. ಅಲ್ಲಿ ಆಸೆಯಿದ್ದೂ ಹೋಗಲಾರದೆ ಉಳಿದವರು ಬಹಳ. "ಬೇಸಾಯದಲ್ಲಿ ಲಾಭವಿಲ್ಲವೆಂದು ಹೋಗುತ್ತೀರಲ್ಲವೆ?" ಎಂದು ಉತ್ತರವನ್ನು ಬಾಯಿಗಿಟ್ಟು ಕೇಳುವುದು ಸಲ್ಲದು.

ಇನ್ನು ಸಾರಾಂಶ. ಯಾದಗಿರಿ ಕಡೆಯ ಒಣಬೇಸಾಯದ ಹಳ್ಳಿಯೊಂದರಲ್ಲಿ ಏಳು ಹುಡುಗರು ಕುಳಿತರೆಂದು ಇಟ್ಟುಕೊಳ್ಳೋಣ. ಐದು ಚೀಟಿಗಳಲ್ಲಿ "ಬೆಂಗಳೂರು" ಎಂದಿದೆ. ಮಳೆ ಕೈಕೊಡುತ್ತದೆ ಎಂಬ ಮಾತು ಮೊದಲು ಬರುತ್ತದೆ. ನಾಲ್ಕನೆಯವನು, "ದುಡಿಯೋದು ನಾವು, ರೊಕ್ಕ ಅಪ್ಪನ ಕೈಯಾಗ" ಎನ್ನುತ್ತಾನೆ. ನಡೆಸುವವನು "ಅದನ್ನು ಬಿಡಿಸಿ ಹೇಳಪ್ಪ" ಎಂದು ಸುಮ್ಮನೆ ಕಾಯಬೇಕು. ಆಗ ಇನ್ನಿಬ್ಬರು ಅದೇ ಮಾತಿಗೆ ಕೂಡುತ್ತಾರೆ, ಇಬ್ಬರು ಸುಮ್ಮನಿರುತ್ತಾರೆ. ಊರಲ್ಲೇ ಇರುತ್ತೇನೆ ಎಂದು ಬರೆದ ಏಳನೆಯವನನ್ನು ಕೇಳಿದರೆ, ಅವನಿಗೆ ಸ್ವಂತ ಆಡುಗಳಿವೆ, ಮರಿ ಮಾರಿದ ಹಣ ಅವನದೇ.

ಆ ರಾತ್ರಿಯೇ, ನೆನಪು ಹಸಿಯಿರುವಾಗಲೇ, ಕಾಗದದಲ್ಲಿ ಮೂರು ಅಂಕಣ ಮಾಡಬೇಕು: ಆಡಿದ ಮಾತು ಇದ್ದಂತೆಯೇ; ಒಪ್ಪಿದವರು, ಒಪ್ಪದವರು, ಸುಮ್ಮನಿದ್ದವರು; ಬರೆಯುವವನ ಊಹೆ. ಒಂದೇ ಅರ್ಥದ ಮಾತುಗಳನ್ನು ಒಟ್ಟಿಗೆ ಸೇರಿಸಿ ಹೆಸರಿಡಬೇಕು: "ಮಳೆಯ ಭಯ", "ಸ್ವಂತ ಹಣವಿಲ್ಲ" ಎಂಬಂತೆ. ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದು. "ನೂರಕ್ಕೆ ಎಪ್ಪತ್ತೊಂದು ಯುವಕರು ಊರು ಬಿಡುವರು" ಎಂದು ಬರೆದರೆ ಅದು ತಪ್ಪು. ಏಳು ಜನರಿಂದ ಊರಿನ ಲೆಕ್ಕ ಬರುವುದಿಲ್ಲ. ಸರಿಯಾದ ಸಾರಾಂಶ ಹೀಗಿರುತ್ತದೆ:

"ಈ ಗುಂಪಿನ ಹಲವರಿಗೆ ಬೆಂಗಳೂರಿಗೆ ಹೋಗುವ ಆಸೆಯಿದೆ. ಮಳೆಯ ಭಯವನ್ನು ಹೇಳಿದರು. ಮೂವರು, ದುಡಿದ ಹಣ ತಮ್ಮ ಕೈಗೆ ಬಾರದಿರುವುದನ್ನೂ ಹೇಳಿದರು. ಸ್ವಂತ ಆದಾಯವುಳ್ಳ ಒಬ್ಬನು ಉಳಿಯಬಯಸಿದನು. ಇಬ್ಬರು ಹಣದ ಮಾತಿಗೆ ಏನೂ ಹೇಳಲಿಲ್ಲ. ಹುಡುಗಿಯರ ಗುಂಪಿನೊಡನೆ ಹೋಲಿಸಿ ನೋಡಬೇಕಾಗಿದೆ."

ಇಂಥ ಸಾರಾಂಶ ಊರಿಗೆ ಉಪಯೋಗಕ್ಕೆ ಬರುತ್ತದೆ. ಮಗನಿಗೆ ಹೊಲ ಬೇಡವಾಗಿದೆಯೆಂದು ಕೊಳವೆಬಾವಿಯ ಯೋಚನೆಯನ್ನೇ ಬಿಡುವ ತಂದೆಗೆ, ಮಗನಿಗೆ ಬೇಡವಾದದ್ದು ಹೊಲವೋ, ಕೈಯಲ್ಲಿ ಕಾಸಿಲ್ಲದ ಬಾಳೋ ಎಂದು ವಿಚಾರಿಸಲು ಒಂದು ದಾರಿ ಸಿಗುತ್ತದೆ. ಆದುದರಿಂದ ವಿದ್ಯಾರ್ಥಿಗಳು ಹೊರಡುವ ಮುನ್ನ, ಹೆಸರುಗಳಿಲ್ಲದ ಸಾರಾಂಶದ ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಗೆ ಕೇಳಿ ಪಡೆಯಿರಿ.

– ಗ್ರಾಮಸೇವಕ