ಕಾರಂಜಾ ನೀರಿನ ಲೆಕ್ಕ: ಅಳೆದದ್ದು ಬೇರೆ, ಅಂದಾಜಿಸಿದ್ದು ಬೇರೆ

ಬೀದರ್ ನಗರಕ್ಕೆ ಕುಡಿಯುವ ನೀರು ಕೊಡುವ ಕಾರಂಜಾ ಜಲಾಶಯ ಇರುವುದು ಭಾಲ್ಕಿ ತಾಲ್ಲೂಕಿನಲ್ಲಿ. ಮಾಂಜ್ರಾದ ಉಪನದಿಗೆ ಕಟ್ಟಿದ ಈ ಅಣೆಕಟ್ಟಿನ ಸಾಮರ್ಥ್ಯ ಸುಮಾರು 7.69 ಟಿಎಂಸಿ. ಒಳಹರಿವು ನಿಂತ ಮೇಲೆ, ಇರುವ ನೀರು ಎಂದಿನವರೆಗೆ ಸಾಕಾಗುತ್ತದೆ ಎಂಬುದೇ ಎಲ್ಲರ ಚಿಂತೆ. ಇದಕ್ಕೆ ದೊಡ್ಡ ಗಣಿತವೇನೂ ಬೇಕಿಲ್ಲ. ಬೇಸಿಗೆಯಲ್ಲಿ ಆವಿಯಾಗುವ, ಇಂಗುವ, ಕುಡಿಯಲು ಎತ್ತುವ ನೀರು ವಾರದಿಂದ ವಾರಕ್ಕೆ ಹೆಚ್ಚು ಏರುಪೇರಾಗುವುದಿಲ್ಲ. ಹಾಗಾಗಿ ಕೊನೆಯ ಕೆಲವು ಅಳತೆಗಳಿಗೆ ಹೊಂದುವ ಒಂದು ಸರಳರೇಖೆಯನ್ನು ಮುಂದಕ್ಕೆ ಎಳೆದರೆ ಉತ್ತರ ಸಿಗುತ್ತದೆ. ಆದರೆ ಹೊಸ ಅಳತೆ ಬಂದಾಗಲೆಲ್ಲ ಆ ರೇಖೆಯನ್ನು ಹೊಸದಾಗಿ ಹೊಂದಿಸಬೇಕು, ನಕ್ಷೆಯಲ್ಲಿ ಅದು ಅಳತೆಯೊಂದಿಗೆ ಬೆರೆಯದಂತೆ ನೋಡಿಕೊಳ್ಳಬೇಕು. ಎರಡರಲ್ಲಿ ಒಂದು ತಪ್ಪಿದರೂ ರೇಖೆ ಇಲ್ಲದಿರುವುದೇ ಮೇಲು ಎಂಬುದು ನನ್ನ ವಾದ.

ಲೆಕ್ಕ ತಿಳಿಯಲೆಂದು ಕೆಲವು ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ಆರು ವಾರಗಳ ಸಂಗ್ರಹ ಕ್ರಮವಾಗಿ 3.00, 2.92, 2.85, 2.77, 2.70, 2.61 ಟಿಎಂಸಿ. ಇವುಗಳಿಗೆ ಹೊಂದುವ ರೇಖೆ ವಾರಕ್ಕೆ ಸುಮಾರು 0.077 ಇಳಿಯುತ್ತದೆ, ಟ್ಯಾಂಕರು ಬೇಕಾಗುವ ಮಟ್ಟ 2.00 ಎಂದುಕೊಂಡರೆ ಅದನ್ನು ಮುಟ್ಟುವುದು 14ನೇ ವಾರದಲ್ಲಿ. ಏಳನೇ ವಾರ ಕಾಲುವೆಗೆ ನೀರು ಬಿಟ್ಟರು, ಸಂಗ್ರಹ 2.38ಕ್ಕೆ ಕುಸಿಯಿತು ಎನ್ನಿ. ಹಳೆಯ ರೇಖೆ ಇನ್ನೂ 14ನೇ ವಾರವನ್ನೇ ತೋರಿಸುತ್ತಿರುತ್ತದೆ. ಕೊನೆಯ ಆರು ಅಳತೆಗಳಿಗೆ ಮತ್ತೆ ಹೊಂದಿಸಿದರೆ ಇಳಿತ ವಾರಕ್ಕೆ 0.10 ಆಗಿ, ಗಡುವು 12ನೇ ವಾರಕ್ಕೂ ಮೊದಲೇ ಬರುತ್ತದೆ. ಟ್ಯಾಂಕರಿಗೆ ಏರ್ಪಾಡು ಮಾಡುವವರಿಗೆ ಎರಡು ವಾರಕ್ಕಿಂತ ಹೆಚ್ಚಿನ ಈ ಅಂತರ ಸಣ್ಣದಲ್ಲ. ಎಕ್ಸೆಲ್ಲಿನಲ್ಲಿ ಇದಕ್ಕೆ ಒಂದೇ ಸೂತ್ರ ಸಾಕು. ವಾರದ ಸಂಖ್ಯೆ A ಕಾಲಂನಲ್ಲಿ, ಅಳತೆ B ಕಾಲಂನಲ್ಲಿ, ಮುಂದಿನ ವಾರ D ಕಾಲಂನಲ್ಲಿ ಇದ್ದರೆ E ಕಾಲಂನಲ್ಲಿ ಹೀಗೆ ಬರೆಯಬೇಕು:

```
=FORECAST.LINEAR(D2,
 OFFSET(B$1,COUNT(B$2:B$60)-5,0,6),
 OFFSET(A$1,COUNT(B$2:B$60)-5,0,6))
```

B ಕಾಲಂನಲ್ಲಿ ಹೊಸ ಅಳತೆ ಬಿದ್ದೊಡನೆ ಈ ಸೂತ್ರ ತಾನೇ ಒಂದು ಸಾಲು ಕೆಳಗಿಳಿಯುತ್ತದೆ. `B2:B7` ಎಂದು ಕಟ್ಟಿಹಾಕಿದರೆ ಹಾಳೆ ಎಷ್ಟೇ ಬೆಳೆಯಲಿ, ರೇಖೆ ಹಳೆಯ ಕಥೆಯನ್ನೇ ಹೇಳುತ್ತಿರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಅಂದಾಜನ್ನು ಅಳತೆಯ ಕಾಲಂನಲ್ಲೇ ಕೆಳಗೆ ತುಂಬುವುದು. 14ನೇ ವಾರದವರೆಗೆ ಹಾಗೆ ತುಂಬಿದರೆ ‘ಕೊನೆಯ ಆರು’ ಎಂದಾಗ ಸೂತ್ರದ ಕೈಗೆ ಸಿಗುವುದೆಲ್ಲ ಅಂದಾಜುಗಳೇ. ಏಳನೇ ವಾರದ ಕುಸಿತ ಅದರ ಲೆಕ್ಕಕ್ಕೇ ಬರುವುದಿಲ್ಲ. ರೇಖೆ ತನ್ನನ್ನೇ ನಂಬಿಕೊಂಡು ನೆಟ್ಟಗೆ ಸಾಗುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಹೊಸ ಅಳತೆ ಬಂದ ಮೇಲೂ ಇಳಿತದ ದರ ಒಂದಿಷ್ಟೂ ಅಲುಗದಿದ್ದರೆ ಅಲ್ಲೇನೋ ತಪ್ಪಿದೆ. ಅಳತೆ ಬಾರದ ವಾರ ಸೊನ್ನೆ ಹಾಕುವುದೂ ಅಷ್ಟೇ ಕೆಟ್ಟದ್ದು. ಖಾಲಿ ಬಿಟ್ಟರೂ ಸೂತ್ರದ ಎಣಿಕೆ ತಪ್ಪುತ್ತದೆ, ಆ ವಾರದ ಸಾಲನ್ನೇ ಹಾಳೆಯಲ್ಲಿ ಹಾಕಬಾರದು.

ಕಾಲಂ ಬೇರೆಯಾದಂತೆ ನಕ್ಷೆಯಲ್ಲೂ ಬೇರೆಯಾಗಬೇಕು. ಅಳತೆಗೆ ಚುಕ್ಕಿಗಳಿರುವ ಗಟ್ಟಿ ಗೆರೆ, ಅಂದಾಜಿಗೆ ಚುಕ್ಕಿಗಳಿಲ್ಲದ ತುಂಡು ಗೆರೆ, ನಡುವೆ ಕೊನೆಯ ಅಳತೆಯ ದಿನಾಂಕ ಬರೆದ ಒಂದು ಲಂಬ ಗೆರೆ. ಬಣ್ಣ ಒಂದನ್ನೇ ನಂಬಿದರೆ ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಎರಡೂ ಒಂದೇ ಆಗುತ್ತವೆ, ಕಚೇರಿಗಳಲ್ಲಿ ಕೈಯಿಂದ ಕೈಗೆ ಹೋಗುವುದು ಅದೇ ಜೆರಾಕ್ಸು. ಮೇಲಿನ ಉದಾಹರಣೆಯಲ್ಲಿ ಹೊಸ ರೇಖೆ ಏಳನೇ ವಾರದಲ್ಲಿ ಸುಮಾರು 2.46ರಲ್ಲಿರುತ್ತದೆ, ಅಳತೆ ಮಾತ್ರ 2.38. ನೋಟಕ್ಕೆ ಚೆಂದವೆಂದು ಎರಡನ್ನೂ ಅಂಟಿಸುವವರಿದ್ದಾರೆ. ಅಂಟಿಸಬಾರದು. ನೀರು ರೇಖೆಗಿಂತ ವೇಗವಾಗಿ ಇಳಿಯುತ್ತಿದೆ ಎಂಬ ಮೊದಲ ಸುಳಿವು ಆ ಸಣ್ಣ ಕಂದರದಲ್ಲೇ ಇದೆ.

ವಾರಕ್ಕೊಂದು ದಿನಾಂಕ ಹೇಳಿದರೆ ಜನ ನಂಬುವುದು ಹೇಗೆ ಎಂಬ ಆಕ್ಷೇಪ ಇದೆ. ಬದಲಾದದ್ದು ನೀರು, ಅದನ್ನು ಮುಚ್ಚಿಟ್ಟು ಹಳೆಯ ದಿನಾಂಕಕ್ಕೇ ಅಂಟಿಕೊಂಡರೆ ನಂಬಿಕೆ ಒಮ್ಮೆಲೇ ಹೋಗುತ್ತದೆ. ಪ್ರತಿ ವಾರದ ಅಂದಾಜನ್ನು ದಿನಾಂಕ ಸಮೇತ ಬೇರೊಂದು ಹಾಳೆಯಲ್ಲಿ ಉಳಿಸಿಟ್ಟರೆ ಯಾವಾಗ ಏನು ಹೇಳಿದ್ದೆವು, ಎಷ್ಟು ತಪ್ಪಿದೆವು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಸರಳರೇಖೆ ತೀರಾ ಒರಟು ಎನ್ನುವವರ ಮಾತಿನಲ್ಲಿ ಹೆಚ್ಚು ಹುರುಳಿದೆ. ಕಾಲುವೆಗೆ ನೀರು ಬಿಡುವುದು ಮುಂದುವರಿದು ಎಂಟನೇ ವಾರ 2.15 ಆದರೆ ನಮ್ಮ ರೇಖೆ ಇನ್ನೂ ಒಂದೂವರೆ ವಾರಕ್ಕಿಂತ ಹೆಚ್ಚು ಕಾಲವಿದೆ ಎನ್ನುತ್ತದೆ. ಅದೇ ವೇಗದಲ್ಲಿ ಹೋದರೆ ಒಂದು ವಾರವೂ ಇರುವುದಿಲ್ಲ. ಆರು ವಾರಗಳ ಸರಾಸರಿ ನೆನಪು ಹಠಾತ್ ಬದಲಾವಣೆಯ ಹಿಂದೆಯೇ ಓಡುತ್ತಿರುತ್ತದೆ. ನೀರು ಬಿಟ್ಟ ದಿನದಿಂದ ಈಚಿನ ಅಳತೆಗಳನ್ನಷ್ಟೇ ಹಿಡಿಯುವುದು ಇದಕ್ಕೆ ದಾರಿ, ಅಳತೆ ಎರಡು-ಮೂರೇ ಇರುವುದರಿಂದ ರೇಖೆ ಹೆಚ್ಚು ಕುಣಿದರೂ ಸರಿಯೇ. ಜೂನ್ ಮಳೆಯನ್ನಂತೂ ಈ ರೇಖೆ ಬಲ್ಲದ್ದಲ್ಲ. ಆದ್ದರಿಂದ ಮೇ ಕೊನೆಗೆ ಅದನ್ನು ಕಡಿದು ನಿಲ್ಲಿಸಬೇಕು.

ಕೊಳವೆಬಾವಿಗಳನ್ನೇ ನೆಚ್ಚಿಕೊಂಡ ಔರಾದ್ ಕಡೆಯ ಊರುಗಳಿಗೂ ಇದೇ ಲೆಕ್ಕ ಒಗ್ಗುತ್ತದೆ. ಅಲ್ಲಿ ಅಳೆಯುವುದು ನೆಲದಿಂದ ನೀರಿಗಿರುವ ಆಳವನ್ನು, ಹಾಗಾಗಿ ನೀರು ಇಳಿದಂತೆ ಅಂಕಿ ಏರುತ್ತದೆ. ಮೋಟಾರ್ ಓಡುವಾಗ ಅಳೆದರೆ ಆಳ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಅಂತಹ ಒಂದೇ ಅಳತೆ ಇಡೀ ರೇಖೆಯನ್ನು ಓರೆ ಮಾಡಬಲ್ಲದು. ಅದಕ್ಕಾಗಿ ಬೆಳಗ್ಗೆ ಮೋಟಾರ್ ಹಾಕುವ ಮೊದಲೇ, ಪ್ರತಿ ಸಲವೂ ಅದೇ ಹೊತ್ತಿಗೆ ಅಳೆಯಬೇಕು.