ಬೆನ್ನುಹತ್ತಿದವನ ಮೇಲೆ ದೂರು

ದೆಹಲಿಯ ಕಾನೂನು ವಿದ್ಯಾರ್ಥಿನಿ ಪ್ರಿಯದರ್ಶಿನಿ ಮಟ್ಟೂ ತಮ್ಮ ಬೆನ್ನುಹತ್ತಿದವನ ಮೇಲೆ ಪೊಲೀಸರಿಗೆ ಮತ್ತೆ ಮತ್ತೆ ದೂರು ಕೊಟ್ಟಿದ್ದರು. 1996ರ ಜನವರಿಯಲ್ಲಿ ಅವನೇ ಅವರನ್ನು ಕೊಂದ. ಹೆಣ್ಣನ್ನು ಹಿಂಬಾಲಿಸುವುದು ಪ್ರತ್ಯೇಕ ಅಪರಾಧವಾಗಲು 2013 ಬರಬೇಕಾಯಿತು.

ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಪದೇ ಪದೇ ಸಂಪರ್ಕಿಸಲು ಯತ್ನಿಸಿದರೆ 3 ವರ್ಷದವರೆಗೆ ಜೈಲು. ಮತ್ತೆ ಅದೇ ತಪ್ಪಿಗೆ ಶಿಕ್ಷೆಯಾದರೆ 5 ವರ್ಷದವರೆಗೆ. ಮೊದಲ ಸಲದ್ದು ಜಾಮೀನು ಸಿಗುವ ಅಪರಾಧ. ಈ ಸಡಿಲಿಕೆ ಹೆಣ್ಣುಮಕ್ಕಳಿಗೆ ಅಪಾಯಕಾರಿ.

‘ಇನ್ನು ಮೆಸೇಜ್ ಮಾಡಬೇಡ’ ಎಂದು ಒಮ್ಮೆ ಬರೆದು ಕಳಿಸಿದರೆ ಅದೇ ಸಾಕ್ಷಿ. ನಂಬರ್ ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ಉಳಿಸಿಕೊಂಡು, ಅವನು ಎದುರಾದ ದಿನ, ಜಾಗ ಬರೆದಿಡಬೇಕು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯವರು ದಾಖಲಿಸದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು.